ಅಮ್ಮನ ರಿಪೋರ್ಟಿನಲ್ಲಿ ‘ಎಸ್’ ಅಂತ ಇತ್ತು

ಕನ್ನಡದಲ್ಲಿ ಮಾತಾಡಬೇಕು ಅಂತ ಕರೆದಾಗ ಖುಷಿಯಿಂದ ಒಪ್ಪಿಕೊಂಡೆ, ಮನೆಗೆ ಹೋಗಿ ಕೂತಾಗ ಹೆದರಿಕೆ ಆಯ್ತು. ಹದಿನಾರು ವರ್ಷದಿಂದ ಪುಣೆಯ ಒಂದು ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಇದ್ದೀನಿ. ಅಲ್ಲಿ ದಿನವಿಡೀ ಮರಾಠಿ, ಹಿಂದಿ, ಇಂಗ್ಲಿಷ್. ಬ್ಯಾಕ್ಟೀರಿಯಾ ಬಗ್ಗೆ ನಾನು ಕನ್ನಡದಲ್ಲಿ ಮಾತಾಡಿರೋದು ಒಬ್ಬರ ಜೊತೆ ಮಾತ್ರ, ನಮ್ಮಮ್ಮನ ಜೊತೆ. ಹಾಗಾಗಿ ಇವತ್ತು ಅಮ್ಮನ ಕಥೆಯನ್ನೇ ಹೇಳ್ತೀನಿ. ಅವರ ಅಪ್ಪಣೆ ತಗೊಂಡೇ ಬಂದಿದ್ದೀನಿ. “ನನ್ನ ಉಚ್ಚೆ ವಿಷಯ ಊರಿಗೆಲ್ಲಾ ಹೇಳ್ತೀಯೇನವ್ವ” ಅಂದ್ರು, ಆಮೇಲೆ “ಹೇಳು, ನಿನ್ನ ತಪ್ಪೂ ಹೇಳು” ಅಂದ್ರು. ಎರಡನ್ನೂ ಹೇಳ್ತೀನಿ.

ಅಮ್ಮನಿಗೆ ಆಗ ಅರವತ್ತೇಳು. ಸಕ್ಕರೆ ಕಾಯಿಲೆ ಹನ್ನೆರಡು ವರ್ಷದಿಂದ ಇದೆ. ದಾವಣಗೆರೆಯಿಂದ ಪುಣೆಗೆ ಬಂದು ಮೂರು ವಾರ ಆಗಿತ್ತು. ಒಂದು ಗುರುವಾರ ಮಧ್ಯಾಹ್ನ ಫೋನ್ ಮಾಡಿದ್ರು. ಉರಿಮೂತ್ರ, ಹತ್ತು ನಿಮಿಷಕ್ಕೊಮ್ಮೆ ಬಚ್ಚಲಿಗೆ ಓಡಬೇಕು. ನಾನು ಲ್ಯಾಬಿನಲ್ಲಿ ಒಂದು ಕೈಯಲ್ಲಿ ಪ್ಲೇಟ್, ಇನ್ನೊಂದು ಕೈಯಲ್ಲಿ ಫೋನ್. “ನಿನ್ನ ಹತ್ರ ಏನಾದ್ರೂ ಮಾತ್ರೆ ಇದೆಯಾ?” ಅಂದೆ. ಎರಡು ತಿಂಗಳ ಹಿಂದೆ ಗಂಟಲು ನೋವು ಅಂತ ಊರಲ್ಲಿ ತಗೊಂಡಿದ್ದ ಸೆಫಿಕ್ಸಿಮ್ ಸ್ಟ್ರಿಪ್‌ನಲ್ಲಿ ಅರ್ಧ ಉಳಿದಿತ್ತು. “ಅದನ್ನೇ ಎರಡು ಹೊತ್ತು ತಗೋ, ಸಂಜೆ ಬರ್ತೀನಿ” ಅಂದೆ.

ಇದು ನನ್ನ ತಪ್ಪು. ಬೇರೆ ಯಾರಾದ್ರೂ ಹಾಗೆ ಹೇಳಿದ್ರೆ ನಾನೇ ಬೈತಿದ್ದೆ. ಮೂತ್ರದ ಒಂದು ಸ್ಯಾಂಪಲ್ ತೆಗೆದಿಡದೆ, ಎರಡು ತಿಂಗಳ ಹಿಂದೆ ತಗೊಂಡ ಅದೇ ಔಷಧಿಯನ್ನ ಮತ್ತೆ ಕೊಟ್ಟೆ. ಅದು ಯಾಕೆ ತಪ್ಪು ಅನ್ನೋದು ಇವತ್ತಿನ ಅರ್ಧ ಮಾತು.

ಶುಕ್ರವಾರ, ಶನಿವಾರ ಉರಿ ಸ್ವಲ್ಪ ಕಮ್ಮಿ ಆದ ಹಾಗಿತ್ತು. ಭಾನುವಾರ ರಾತ್ರಿ ಒಂಬತ್ತರ ಹೊತ್ತಿಗೆ ಚಳಿ ಹಿಡಿದು ಮಂಚ ಅಲ್ಲಾಡೋ ಥರ ನಡುಕ. ಮೂರು ಕಂಬಳಿ ಹೊದಿಸಿದ್ರೂ ನಿಲ್ಲಲಿಲ್ಲ. ಜ್ವರ 103. ಬಲಗಡೆ ಸೊಂಟದ ಮೇಲೆ, ಪಕ್ಕೆಯ ಕೆಳಗೆ ಮುಟ್ಟಿದ್ರೆ ಕಿರುಚ್ತಿದ್ರು. ನನ್ನನ್ನ ನಮ್ಮಕ್ಕನ ಹೆಸರಿಂದ ಕರೆದಾಗ ನನಗೆ ನಿಜವಾಗಿ ಭಯ ಆಯ್ತು. ಆಸ್ಪತ್ರೆಗೆ ಹೋದಾಗ ಬಿಪಿ 90/50. ಮೂತ್ರಕೋಶದಲ್ಲಿದ್ದ ಸೋಂಕು ಕಿಡ್ನಿಗೆ ಏರಿ, ಅಲ್ಲಿಂದ ರಕ್ತಕ್ಕೆ ಇಳಿದಿತ್ತು.

ಅಲ್ಲಿದ್ದ ಡಾಕ್ಟರ್ ಚಿಕ್ಕ ಹುಡುಗ, ಆದ್ರೆ ಮಾಡಬೇಕಾದ್ದನ್ನ ಸರಿಯಾದ ಕ್ರಮದಲ್ಲಿ ಮಾಡಿದ. ಮೊದಲು ಎರಡೂ ತೋಳಿಂದ ಬ್ಲಡ್ ಕಲ್ಚರ್‌ಗೆ ರಕ್ತ ತೆಗೆದ, ಮೂತ್ರದ ಸ್ಯಾಂಪಲ್ ತೆಗೆದ, ಸಲೈನ್ ಹರಿಸಿದ, ಆಮೇಲೆ ಪಿಪೆರಾಸಿಲಿನ್-ಟ್ಯಾಝೋಬ್ಯಾಕ್ಟಮ್ ಅನ್ನೋ ಇಂಜೆಕ್ಷನ್ ಶುರು ಮಾಡಿದ. ಸಲೈನ್ ಹೋದ ಮೇಲೆ ಬಿಪಿ ಏರಿತು. “ಹಿಂದೆ ಏನಾದ್ರೂ ಆ್ಯಂಟಿಬಯೋಟಿಕ್ ತಗೊಂಡಿದ್ರಾ ಮೇಡಂ?” ಅಂತ ಕೇಳಿದ. ನಾನು ಆ ಮೂರು ದಿನದ ಮಾತ್ರೆ ಹೇಳಿದೆ. ಗಂಟಲು ನೋವಿಗೆ ತಗೊಂಡಿದ್ದು ಹೇಳಲಿಲ್ಲ. ಮರೆತೆನೋ, ನಾಚಿಕೆಯೋ, ಇವತ್ತಿಗೂ ಗೊತ್ತಿಲ್ಲ. ಬಿಪಿ ಸಲೈನಿಗೆ ಏರದೇ ಇದ್ದಿದ್ರೆ, ಇಲ್ಲಾ ಆ ಹಳೇ ಕೋರ್ಸ್ ಅವನಿಗೆ ಗೊತ್ತಿದ್ದಿದ್ರೆ, ಅವನು ಬಹುಶಃ ಮೊದಲ ರಾತ್ರಿಯೇ ಬೇರೆ ಔಷಧಿ ಆರಿಸ್ತಿದ್ದ.

ಈಗ ಅಮ್ಮನನ್ನ ಸ್ವಲ್ಪ ಹೊತ್ತು ವಾರ್ಡಿನಲ್ಲಿ ಬಿಟ್ಟು ಬ್ಯಾಕ್ಟೀರಿಯಾದ ಒಳಗೆ ಹೋಗೋಣ. ಮುಂದಿನದು ಅರ್ಥ ಆಗಬೇಕಾದ್ರೆ ಇದು ಬೇಕು.

ಬ್ಯಾಕ್ಟೀರಿಯಾದ ಸುತ್ತ ಒಂದು ಗಟ್ಟಿ ಗೋಡೆ ಇರತ್ತೆ. ಒಳಗಡೆ ಒತ್ತಡ ಜಾಸ್ತಿ, ಗೋಡೆ ಇಲ್ದಿದ್ರೆ ಅದು ಒಡೆದು ಹೋಗತ್ತೆ. ಬೆಳೀತಾ ಇರೋ ಬ್ಯಾಕ್ಟೀರಿಯಾ ಈ ಗೋಡೆಯನ್ನ ಸದಾ ಕಟ್ತಾ ಇರಬೇಕು. ಕಟ್ಟೋದು ಕೆಲವು ಪ್ರೋಟೀನುಗಳು. ಅವುಗಳನ್ನ ಮೇಸ್ತ್ರಿಗಳು ಅಂತ ಕರೆಯೋಣ. ಮೇಸ್ತ್ರಿ ಒಂದು ಇಟ್ಟಿಗೆ ಹಿಡೀತಾನೆ, ಪಕ್ಕದ್ದಕ್ಕೆ ಜೋಡಿಸ್ತಾನೆ, ಕೈ ಬಿಡ್ತಾನೆ, ಮುಂದಿನದನ್ನ ಹಿಡೀತಾನೆ.

ಪೆನಿಸಿಲಿನ್ ಏನು ಮಾಡತ್ತೆ ಅಂದ್ರೆ, ಆ ಇಟ್ಟಿಗೆಯ ವೇಷ ಹಾಕ್ಕೊಂಡು ಬರತ್ತೆ. ಮೇಸ್ತ್ರಿ ಹಿಡಿದ, ಅಷ್ಟೇ. ಅದು ಅವನ ಕೈಗೆ ಅಂಟಿಕೊಳ್ಳತ್ತೆ, ಬಿಡಲ್ಲ. ಮೇಸ್ತ್ರಿಗಳೆಲ್ಲಾ ಹೀಗೆ ಕೈ ಕಟ್ಟಿ ನಿಂತರೆ ಗೋಡೆ ಬಿರುಕು ಬಿಟ್ಟು ಬ್ಯಾಕ್ಟೀರಿಯಾ ಸಿಡಿದು ಸಾಯತ್ತೆ. ಹೀಗೆ ಅಂಟೋ ಗುಣ ಬರೋದು ಆ ಅಣುವಿನಲ್ಲಿರೋ ನಾಲ್ಕು ಮೂಲೆಯ ಒಂದು ಪುಟ್ಟ ಉಂಗುರದಿಂದ. ಅದರ ಹೆಸರೇ ಬೀಟಾ-ಲ್ಯಾಕ್ಟಮ್. ಪೆನಿಸಿಲಿನ್, ಅಮಾಕ್ಸಿಸಿಲಿನ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಮೆರೋಪೆನೆಮ್, ಎಲ್ಲದರಲ್ಲೂ ಈ ಉಂಗುರ ಇದೆ. ಉಂಗುರ ಒಡೆದ್ರೆ ಔಷಧಿ ಬರೀ ಕಸ.

ಆ ಉಂಗುರ ಒಡೆಯೋ ಕಿಣ್ವವೇ ಬೀಟಾ-ಲ್ಯಾಕ್ಟಮೇಸ್. ಇದೂ ಮೂಲದಲ್ಲಿ ಮೇಸ್ತ್ರಿ ವಂಶದ್ದೇ, ದಾಯಾದಿ ಅಂತ ಇಟ್ಕೊಳ್ಳಿ. ಇದೂ ಔಷಧಿಯನ್ನ ಹಿಡಿಯತ್ತೆ, ಇದರ ಕೈಗೂ ಅಂಟಿಕೊಳ್ಳತ್ತೆ. ಆದ್ರೆ ಒಂದೇ ಒಂದು ವ್ಯತ್ಯಾಸ, ಇದು ಕೈ ತೊಳ್ಕೊಳ್ಳತ್ತೆ. ಇದು ಉಪಮೆ ಅಷ್ಟೇ ಅಲ್ಲ, ನಿಜವಾಗ್ಲೂ ಒಂದು ನೀರಿನ ಅಣು ಬಂದು ಆ ಅಂಟನ್ನ ಬಿಡಿಸತ್ತೆ. ಒಡೆದ ಔಷಧಿ ಉದುರಿ ಬೀಳತ್ತೆ, ಕಿಣ್ವ ಮುಂದಿನದನ್ನ ಹಿಡಿಯೋಕೆ ರೆಡಿ. ಈ ಕೆಲಸ ನಡೆಯೋದು ಹೊರಪೊರೆಗೂ ಒಳಪೊರೆಗೂ ನಡುವಿನ ಜಾಗದಲ್ಲಿ, ಅಂದ್ರೆ ಔಷಧಿ ಮೇಸ್ತ್ರಿಯನ್ನ ತಲುಪೋ ಮೊದಲೇ ಹಜಾರದಲ್ಲಿ ತಡೆದು ಮುರಿದು ಹಾಕೋ ಹಾಗೆ.

ಇದು ಹೊಸ ವಿದ್ಯೆ ಅಲ್ಲ. 1940ರಲ್ಲಿ, ಪೆನಿಸಿಲಿನ್ ಇನ್ನೂ ಒಬ್ಬ ರೋಗಿಗೂ ಸರಿಯಾಗಿ ಸಿಗೋ ಮೊದಲೇ, ಆಕ್ಸ್‌ಫರ್ಡ್‌ನಲ್ಲಿ ಅಬ್ರಹಾಂ ಮತ್ತು ಚೇನ್ ಇಂಥ ಕಿಣ್ವವನ್ನ ಬ್ಯಾಕ್ಟೀರಿಯಾದಲ್ಲಿ ಕಂಡು ವರದಿ ಮಾಡಿದ್ರು. ಆಮೇಲೆ ನಾವು ಔಷಧಿಯ ಆಕಾರ ಬದಲಿಸ್ತಾ ಹೋದ್ವಿ. 1980ರ ಹೊತ್ತಿಗೆ ಸೆಫೋಟ್ಯಾಕ್ಸಿಮ್‌ನಂಥ ಮೂರನೇ ತಲೆಮಾರಿನ ಸೆಫಲೋಸ್ಪೋರಿನ್‌ಗಳು ಬಂದವು. ಉಂಗುರದ ಪಕ್ಕಕ್ಕೆ ದೊಡ್ಡ ಬಾಲ ಜೋಡಿಸಿದ್ದರಿಂದ ಹಳೇ ಕಿಣ್ವದ ಅಂಗೈಯಲ್ಲಿ ಅದು ಹಿಡಿಸ್ತಿರಲಿಲ್ಲ. ಎಲ್ಲರೂ ಗೆದ್ದೆವು ಅಂದ್ಕೊಂಡ್ರು. 1983ರಲ್ಲಿ ಜರ್ಮನಿಯಿಂದ ಸುದ್ದಿ ಬಂತು: ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾದ ಹಳೇ ಕಿಣ್ವದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿದೆ, ಅಂಗೈ ಅಗಲ ಆಗಿದೆ, ಹೊಸ ಔಷಧಿಯೂ ಹಿಡಿಸ್ತಾ ಇದೆ. ಒಡೆಯೋ ಔಷಧಿಗಳ ವ್ಯಾಪ್ತಿ ಹಿಗ್ಗಿದ್ದರಿಂದ ಹೀಗೆ ಅಂಗೈ ಅಗಲಿಸಿಕೊಂಡ ಕಿಣ್ವಗಳಿಗೆ ‘ಎಕ್ಸ್‌ಟೆಂಡೆಡ್ ಸ್ಪೆಕ್ಟ್ರಮ್ ಬೀಟಾ-ಲ್ಯಾಕ್ಟಮೇಸ್’ ಅಂತ ಹೆಸರು. ಇಎಸ್‌ಬಿಎಲ್ ಅಂದ್ರೆ ಇದೇ. ಅದು ಬ್ಯಾಕ್ಟೀರಿಯಾದ ಹೆಸರಲ್ಲ, ಅದರ ಕೈಲಿರೋ ಆಯುಧದ ಹೆಸರು. ರಿಪೋರ್ಟ್ ಹಿಡ್ಕೊಂಡು “ಡಾಕ್ಟ್ರೇ, ಇಎಸ್‌ಬಿಎಲ್ ಅನ್ನೋ ಹೊಸ ವೈರಸ್ ಅಂತೆ” ಅಂದವರನ್ನೂ ನೋಡಿದ್ದೀನಿ.

ಇವತ್ತು ಎಲ್ಲಕ್ಕಿಂತ ಜಾಸ್ತಿ ಕಾಣೋದು ಬೇರೆ ಕುಟುಂಬ, ಸಿಟಿಎಕ್ಸ್-ಎಂ. ಇದರ ಜೀನ್ ಕ್ಲುಯ್ವೆರಾ ಅನ್ನೋ, ಮನುಷ್ಯರಿಗೆ ಅಪರೂಪಕ್ಕೆ ತೊಂದರೆ ಕೊಡೋ ಒಂದು ಸಾಧು ಬ್ಯಾಕ್ಟೀರಿಯಾದ ಕ್ರೋಮೋಸೋಮಿನಲ್ಲಿ ಇತ್ತು. ಅಲ್ಲಿಂದ ಜಿಗಿದು ಪ್ಲಾಸ್ಮಿಡ್ ಮೇಲೆ ಕೂತ್ಕೊಂಡಿತು. ಪ್ಲಾಸ್ಮಿಡ್ ಅಂದ್ರೆ ಡಿಎನ್‌ಎಯ ಒಂದು ಸಣ್ಣ ಬಳೆ. ಒಂದು ಬ್ಯಾಕ್ಟೀರಿಯಾ ಅದರ ಪ್ರತಿ ಮಾಡಿ ಪಕ್ಕದ ಬ್ಯಾಕ್ಟೀರಿಯಾಗೆ ಕೊಡಬಹುದು, ಜಾತಿ ಬೇರೆ ಆದ್ರೂ ಪರವಾಗಿಲ್ಲ. ಸಿಟಿಎಕ್ಸ್-ಎಂ-15 ಅನ್ನೋ ರೂಪ ಮೊದಲು ವರದಿಯಾದದ್ದು 1999ರಲ್ಲಿ ದೆಹಲಿಯಲ್ಲಿ ಸಂಗ್ರಹಿಸಿದ ಬ್ಯಾಕ್ಟೀರಿಯಾಗಳಿಂದ. ಇವತ್ತು ಅದು ಜಗತ್ತೆಲ್ಲಾ ಇದೆ.

ಆ ಬಳೆಯ ಮೇಲೆ ಒಂದೇ ಜೀನ್ ಇರಲ್ಲ, ಅದು ಮುಖ್ಯ. ಬೇರೆ ಬೇರೆ ಗುಂಪಿನ ಆ್ಯಂಟಿಬಯೋಟಿಕ್‌ಗಳನ್ನ ತಡೆಯೋ ಜೀನ್‌ಗಳೂ ಸಾಲಾಗಿ ಕೂತಿರ್ತವೆ. ಸೆಫಿಕ್ಸಿಮ್ ತಗೊಂಡಾಗ ಕರುಳಿನಲ್ಲಿ ಏನಾಗತ್ತೆ ನೋಡಿ. ಈ ಬಳೆ ಇಲ್ಲದ ಇ. ಕೋಲೈಗಳು ಸಾಯ್ತವೆ, ಇರೋವು ಉಳಿದು ಖಾಲಿ ಸೈಟಿನಲ್ಲಿ ಮನೆ ಕಟ್ತವೆ. ಗಂಟಲು ನೋವಿಗೆ, ಅದು ಬಹುಶಃ ವೈರಸ್ಸೇ ಇರಬೇಕು, ಅಮ್ಮ ತಗೊಂಡ ಐದು ಮಾತ್ರೆ ಈ ಕೆಲಸ ಮಾಡಿತ್ತು ಅಂತ ನನ್ನ ಅಂದಾಜು. ಮೂತ್ರದ ಸೋಂಕಿನ ಇ. ಕೋಲೈ ಸಾಮಾನ್ಯವಾಗಿ ಬರೋದು ನಮ್ಮದೇ ಕರುಳಿನಿಂದ. ಹಾಗಾಗಿ ಎರಡು ತಿಂಗಳ ಹಿಂದೆ ಆರಿಸಿ ಉಳಿಸಿಕೊಂಡಿದ್ದ ಬ್ಯಾಕ್ಟೀರಿಯಾವೇ ಮೂತ್ರಕ್ಕೆ ಬಂತು, ನಾನು ಅದಕ್ಕೆ ಅದು ಆಗಲೇ ಗೆದ್ದಿದ್ದ ಮಾತ್ರೆಯನ್ನೇ ಮತ್ತೆ ಕೊಟ್ಟೆ.

ಸರಿ, ವಾಪಸ್ ಬರೋಣ. ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಬ್ಲಡ್ ಕಲ್ಚರ್ ಮೆಷಿನ್ ಬೀಪ್ ಅಂದಿತು. ನಮ್ಮ ಲ್ಯಾಬಿನಲ್ಲಿ ಆ ಸದ್ದು ದಿನಕ್ಕೆ ಎಷ್ಟೋ ಸಲ ಕೇಳ್ತೀನಿ. ಅವತ್ತು ಬಾಟಲಿ ಮೇಲೆ ಅಮ್ಮನ ಹೆಸರಿತ್ತು. ಒಂದು ಹನಿ ತೆಗೆದು ಬಣ್ಣ ಹಾಕಿ ನೋಡಿದ್ರೆ ಗುಲಾಬಿ ಬಣ್ಣದ ಸಣ್ಣ ಕಡ್ಡಿಗಳು, ಗ್ರಾಂ ನೆಗೆಟಿವ್. ಅದೇ ಬಾಟಲಿಯಿಂದ ಪ್ಲೇಟುಗಳಿಗೆ ಹಾಕಿದ್ವಿ. ಅಲ್ಲಿಂದ ಮುಂದೆ ಕಾಯೋದೇ ಕೆಲಸ. ಬ್ಯಾಕ್ಟೀರಿಯಾ ಬೆಳೆಯೋಕೆ ರಾತ್ರಿಯಿಡೀ ಬೇಕು, ಅದನ್ನ ಯಾರೂ ಅವಸರ ಮಾಡೋಕೆ ಆಗಲ್ಲ, ಮಗಳಿಗೂ ಆಗಲ್ಲ.

ಮಂಗಳವಾರ ಬೆಳಗ್ಗೆ ಪ್ಲೇಟ್ ತೆಗೆದೆ. ಇದನ್ನ ಕಣ್ಣಾರೆ ನೋಡಿದ್ರೆ ಇಎಸ್‌ಬಿಎಲ್ ಅಂದ್ರೇನು ಅಂತ ಯಾರೂ ಹೇಳಬೇಕಾಗಿಲ್ಲ. ಪ್ಲೇಟಿನ ತುಂಬಾ ಬ್ಯಾಕ್ಟೀರಿಯಾವನ್ನ ಹುಲ್ಲುಹಾಸಿನ ಥರ ಬೆಳೆಸಿ, ಅದರ ಮೇಲೆ ಔಷಧಿ ತೊಯ್ಸಿದ ಆರು ಮಿಲಿಮೀಟರ್ ಕಾಗದದ ಬಿಲ್ಲೆಗಳನ್ನ ಇಡ್ತೀವಿ. ಔಷಧಿ ಕೆಲಸ ಮಾಡಿದ್ರೆ ಬಿಲ್ಲೆಯ ಸುತ್ತ ಖಾಲಿ ವೃತ್ತ. ಸೆಫೋಟ್ಯಾಕ್ಸಿಮ್ ಬಿಲ್ಲೆಯ ಅಂಚಿನವರೆಗೂ ಹುಲ್ಲು ಬೆಳೆದಿತ್ತು. ವೃತ್ತವೇ ಇಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಬಿಲ್ಲೆ: ಅದೇ ಸೆಫೋಟ್ಯಾಕ್ಸಿಮ್, ಅಷ್ಟೇ ಪ್ರಮಾಣ, ಜೊತೆಗೆ ಸ್ವಲ್ಪ ಕ್ಲಾವುಲನೇಟ್. ಅದರ ಸುತ್ತ 24 ಮಿಲಿಮೀಟರ್ ವೃತ್ತ.

ಕ್ಲಾವುಲನೇಟ್ ತಾನಾಗಿ ಬ್ಯಾಕ್ಟೀರಿಯಾವನ್ನ ಹೆಚ್ಚೇನೂ ಕೊಲ್ಲಲ್ಲ. ಅದು ಆ ದಾಯಾದಿಯ ಕೈಗೆ ಹಚ್ಚೋ ಫೆವಿಕಾಲ್. ಕಿಣ್ವ ಅದನ್ನ ಹಿಡಿದು ಕೈ ತೊಳ್ಕೊಳ್ಳೋಕೆ ಹೋಗಿ ತಾನೇ ಕೆಟ್ಟು ಕೂರತ್ತೆ, ಔಷಧಿ ಒಳಗೆ ಹೋಗತ್ತೆ. ಎರಡು ವೃತ್ತಗಳ ವ್ಯತ್ಯಾಸ ಐದು ಮಿಲಿಮೀಟರ್ ಅಥವಾ ಜಾಸ್ತಿ ಇದ್ರೆ ಇಎಸ್‌ಬಿಎಲ್ ಖಚಿತ. ಇಲ್ಲಿ ಹದಿನೆಂಟು. ಎಲ್ಲ ಲ್ಯಾಬುಗಳೂ ಈ ಪರೀಕ್ಷೆ ಮಾಡಲ್ಲ, ಮಾಡದಿದ್ರೆ ತಪ್ಪೂ ಅಲ್ಲ. ಇ. ಕೋಲೈ ಅಥವಾ ಕ್ಲೆಬ್ಸಿಯೆಲ್ಲಾ ಅಂತ ಬರೆದು, ಸೆಫ್ಟ್ರಿಯಾಕ್ಸೋನ್ ಎದುರು ‘ಆರ್’ ಇದ್ರೆ ಡಾಕ್ಟರುಗಳು ಅದನ್ನ ಇಎಸ್‌ಬಿಎಲ್ ಇರಬಹುದು ಅಂತಲೇ ನೋಡ್ತಾರೆ.

ಉಳಿದ ರಿಪೋರ್ಟ್ ಹೀಗಿತ್ತು. ಸಿಪ್ರೊಫ್ಲಾಕ್ಸಾಸಿನ್ ಆರ್, ಕೋಟ್ರೈಮಾಕ್ಸಝೋಲ್ ಆರ್. ಮೆರೋಪೆನೆಮ್ ಎಸ್. ಮೂತ್ರದಲ್ಲೂ ಇದೇ ಇ. ಕೋಲೈ, ಅಲ್ಲಿ ನೈಟ್ರೋಫ್ಯುರಾಂಟಾಯಿನ್ ಎಸ್. ಮತ್ತೆ ಅಮ್ಮನಿಗೆ ಎರಡು ರಾತ್ರಿಯಿಂದ ಹೋಗ್ತಾ ಇದ್ದ ಪಿಪೆರಾಸಿಲಿನ್-ಟ್ಯಾಝೋಬ್ಯಾಕ್ಟಮ್ ಎದುರೂ ಎಸ್. ಎಸ್ ಅಂದ್ರೆ ಸೆನ್ಸಿಟಿವ್, ಬ್ಯಾಕ್ಟೀರಿಯಾ ಬಗ್ಗತ್ತೆ ಅಂತ. ವೃತ್ತ 26 ಮಿಲಿಮೀಟರ್, ನಿಯಮದ ಪ್ರಕಾರ ಪಾಸು.

ನಮ್ಮಣ್ಣ ಚೆನ್ನೈನಲ್ಲಿ ನಿಮ್ಮ ಥರಾನೇ ಐಟಿಯವನು. ರಿಪೋರ್ಟಿನ ಫೋಟೋ ನೋಡಿ ಫೋನ್ ಮಾಡಿದ. “ಈಗ ಹೋಗ್ತಾ ಇರೋದಕ್ಕೇ ಎಸ್ ಇದೆಯಲ್ಲ, ಮತ್ಯಾಕೆ ಮೆರೋಪೆನೆಮ್‌ಗೆ ಬದಲಾಯಿಸ್ತಿದ್ದಾರೆ? ಬಿಲ್ ಏರಿಸೋಕಾ?” ಪ್ರಶ್ನೆ ನ್ಯಾಯವಾದದ್ದೇ. ಮಂಗಳವಾರ ಅಮ್ಮನಿಗೆ ಜ್ವರ 101, ಪೂರ್ತಿ ಇಳಿದಿರಲಿಲ್ಲ, ಏರಿಯೂ ಇರಲಿಲ್ಲ. ಇದೇ ಪ್ರಶ್ನೆಯನ್ನ ಡಾಕ್ಟರುಗಳು ವರ್ಷಗಟ್ಟಲೆ ತಮ್ಮಲ್ಲೇ ಜಗಳ ಆಡಿದ್ದಾರೆ. ಆ ಜಗಳಕ್ಕೆ ಉತ್ತರ ಹುಡುಕೋಕೆ ಮಾಡಿದ ಪ್ರಯೋಗದ ಹೆಸರು ‘ಮೆರಿನೋ’. ಒಂಬತ್ತು ದೇಶಗಳ 26 ಆಸ್ಪತ್ರೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾಯ್ತು.

ರಕ್ತದಲ್ಲಿ ಇ. ಕೋಲೈ ಅಥವಾ ಕ್ಲೆಬ್ಸಿಯೆಲ್ಲಾ ಇದ್ದು, ಸೆಫ್ಟ್ರಿಯಾಕ್ಸೋನ್‌ಗೆ ಆರ್ ಆಗಿ, ಪಿಪೆರಾಸಿಲಿನ್-ಟ್ಯಾಝೋಬ್ಯಾಕ್ಟಮ್‌ಗೆ ಎಸ್ ಇದ್ದವರನ್ನೇ ಆರಿಸಿದ್ರು. ಅಂದ್ರೆ ಸರಿಯಾಗಿ ನಮ್ಮಮ್ಮನಂಥವರು. ಚೀಟಿ ಎತ್ತಿದ ಹಾಗೆ ಅರ್ಧ ಜನರಿಗೆ ಇದು, ಅರ್ಧ ಜನರಿಗೆ ಮೆರೋಪೆನೆಮ್. ಮೂವತ್ತು ದಿನದೊಳಗೆ ಮೆರೋಪೆನೆಮ್ ಗುಂಪಿನ 191 ಜನರಲ್ಲಿ ಸತ್ತವರು 7. ಇನ್ನೊಂದು ಗುಂಪಿನ 187 ಜನರಲ್ಲಿ 23. ಪಿಪೆರಾಸಿಲಿನ್-ಟ್ಯಾಝೋಬ್ಯಾಕ್ಟಮ್ ಮೆರೋಪೆನೆಮ್‌ಗಿಂತ ಕಮ್ಮಿಯಿಲ್ಲ ಅಂತ ತೋರಿಸೋಕೆ ಹೊರಟ ಪ್ರಯೋಗ ಅದು, ನಡುವೆಯೇ ನಿಲ್ಲಿಸಬೇಕಾಯ್ತು.

ಎಸ್ ಇದ್ದೂ ಹಾಗ್ಯಾಕೆ? ಮತ್ತೆ ಆ ಫೆವಿಕಾಲ್ ನೆನಪು ಮಾಡ್ಕೊಳ್ಳಿ. ಪಿಪೆರಾಸಿಲಿನ್ ಒಂದು ಪೆನಿಸಿಲಿನ್, ಟ್ಯಾಝೋಬ್ಯಾಕ್ಟಮ್ ಅದರ ಕಾವಲಿನ ಫೆವಿಕಾಲ್. ಲ್ಯಾಬಿನ ಪ್ಲೇಟಿನಲ್ಲಿ ನಾವು ಇಷ್ಟೇ ಅಂತ ಅಳೆದು ಬ್ಯಾಕ್ಟೀರಿಯಾ ಹಾಕಿರ್ತೀವಿ. ಸೋಂಕು ತಗುಲಿದ ಕಿಡ್ನಿಯಲ್ಲಿ ಅದರ ಸಂಖ್ಯೆ ಎಷ್ಟೋ ಪಟ್ಟು ಜಾಸ್ತಿ ಇರಬಹುದು. ಬ್ಯಾಕ್ಟೀರಿಯಾ ಜಾಸ್ತಿ ಆದಷ್ಟೂ ಕಿಣ್ವ ಜಾಸ್ತಿ, ಒಂದು ಹಂತದಲ್ಲಿ ಕೈಗಳೇ ಜಾಸ್ತಿ, ಫೆವಿಕಾಲ್ ಕಮ್ಮಿ. ಇದಲ್ಲದೆ ಅದೇ ಪ್ಲಾಸ್ಮಿಡ್ ಬಳೆಯ ಮೇಲೆ ಎಷ್ಟೋ ಸಲ ಓಎಕ್ಸ್‌ಎ-1 ಅನ್ನೋ ಇನ್ನೊಂದು ಕಿಣ್ವದ ಜೀನೂ ಇರತ್ತೆ. ಅದಕ್ಕೆ ಟ್ಯಾಝೋಬ್ಯಾಕ್ಟಮ್ ಸರಿಯಾಗಿ ಅಂಟೋದೇ ಇಲ್ಲ. ಮೆರಿನೋದ ಬ್ಯಾಕ್ಟೀರಿಯಾಗಳನ್ನ ಆಮೇಲೆ ಹೆಚ್ಚು ನಿಖರವಾದ ವಿಧಾನದಲ್ಲಿ ಮತ್ತೆ ಪರೀಕ್ಷೆ ಮಾಡಿದಾಗ, ಎಸ್ ಅಂತ ಬಂದಿದ್ದ ಕೆಲವು ನಿಜಕ್ಕೂ ಎಸ್ ಆಗಿರಲಿಲ್ಲ ಅಂತ ಗೊತ್ತಾಯ್ತು. ಅಂಥವನ್ನ ಬಿಟ್ಟು ಲೆಕ್ಕ ಹಾಕಿದಾಗ ಎರಡು ಗುಂಪಿನ ಅಂತರ ಕಮ್ಮಿ ಆಯ್ತು. ಹಾಗಾಗಿ ಕೆಲವರು ಈಗಲೂ ವಾದ ಮಾಡ್ತಾರೆ. ನನ್ನ ಲೆಕ್ಕ ಸರಳ. ಆ ನಿಖರವಾದ ವಿಧಾನ ಎಲ್ಲ ಲ್ಯಾಬಿನಲ್ಲೂ ದಿನಾ ಮಾಡೋಕೆ ಆಗಲ್ಲ. ನಾನು ಅಳೆದ 26 ಮಿಲಿಮೀಟರ್ ವೃತ್ತದ ಮೇಲೆ ನಮ್ಮಮ್ಮನನ್ನ ಪಣಕ್ಕೆ ಇಡೋಕೆ ನನಗೆ ಇಷ್ಟ ಇರಲಿಲ್ಲ.

ಮೆರೋಪೆನೆಮ್ ಯಾಕೆ ಬೇರೆ ಅಂದ್ರೆ, ಅದರಲ್ಲೂ ಉಂಗುರ ಇದೆ, ಇಎಸ್‌ಬಿಎಲ್ ಅದನ್ನೂ ಹಿಡಿಯತ್ತೆ. ಆದ್ರೆ ಅದರ ಪಕ್ಕದಲ್ಲಿರೋ ಒಂದು ಸಣ್ಣ ಗುಂಪು ನೀರಿನ ಅಣು ಬರೋ ದಾರಿಗೆ ಅಡ್ಡ ನಿಲ್ಲತ್ತೆ. ಹಿಡಿದಾಯ್ತು, ಕೈ ತೊಳೆಯೋಕೆ ನೀರಿಲ್ಲ. ಇದಕ್ಕೆ ಫೆವಿಕಾಲ್‌ನ ಕಾವಲು ಬೇಕಿಲ್ಲ, ತನ್ನನ್ನ ತಾನೇ ಕಾಯ್ಕೊಳ್ಳತ್ತೆ. ಹಾಗಾದ್ರೆ ಎಲ್ಲರಿಗೂ ಅದನ್ನೇ ಕೊಡಬಹುದಲ್ಲ ಅಂತೀರಾ? ಮೆರೋಪೆನೆಮ್ ಅನ್ನೂ ಒಡೆಯೋ ಎನ್‌ಡಿಎಂನಂಥ ಕಿಣ್ವಗಳು ನಮ್ಮ ಆಸ್ಪತ್ರೆಗಳಲ್ಲಿ ಆಗಲೇ ಇವೆ. ಅಂಥವು ಬಂದಾಗ ನನ್ನ ರಿಪೋರ್ಟಿನಲ್ಲಿ ಎಸ್ ಅನ್ನೋ ಅಕ್ಷರ ಹುಡುಕಬೇಕಾಗತ್ತೆ. ಸೆಫಿಕ್ಸಿಮ್ ಅಮ್ಮನ ಕರುಳಲ್ಲಿ ಮಾಡಿದ ಕೆಲಸವನ್ನೇ ಮೆರೋಪೆನೆಮ್ ಇನ್ನೂ ಒಂದು ಮೆಟ್ಟಿಲು ಮೇಲೆ ಮಾಡತ್ತೆ.

ಮಂಗಳವಾರ ಮಧ್ಯಾಹ್ನ ಮೆರೋಪೆನೆಮ್ ಶುರು ಆಯ್ತು, ಒಂದು ಗ್ರಾಂ, ಎಂಟು ಗಂಟೆಗೊಮ್ಮೆ. ಅದೇ ದಿನ ಅಲ್ಟ್ರಾಸೌಂಡ್ ಮಾಡಿಸಿದ್ರು. ಕಲ್ಲು ಅಡ್ಡ ಇದ್ರೆ, ಕೀವು ಕಟ್ಟಿದ್ರೆ ಎಂಥ ಔಷಧಿಯೂ ಸಾಕಾಗಲ್ಲ, ಅದನ್ನ ಹೊರಗೆ ಹರಿಸಲೇಬೇಕು. ಅಮ್ಮನ ಬಲ ಕಿಡ್ನಿ ಊದಿತ್ತು ಅಷ್ಟೇ, ಕಲ್ಲೂ ಇಲ್ಲ, ಕೀವೂ ಇಲ್ಲ. ಗುರುವಾರ ಬೆಳಗ್ಗೆ ಜ್ವರ ಇರಲಿಲ್ಲ. “ಇಲ್ಲಿ ಇಡ್ಲಿಗೆ ಉಪ್ಪೇ ಹಾಕಲ್ಲ” ಅಂತ ಬೈದಾಗ ತಲೆ ಸರಿ ಹೋಗಿದೆ ಅಂತ ಗೊತ್ತಾಯ್ತು.

ಅವತ್ತು ಅಣ್ಣ ಮತ್ತೆ ಫೋನ್ ಮಾಡಿದ. “ನೈಟ್ರೋಫ್ಯುರಾಂಟಾಯಿನ್ ಅಂತ ಮಾತ್ರೆಗೂ ಎಸ್ ಇದೆಯಲ್ಲ. ಡಿಸ್ಚಾರ್ಜ್ ಮಾಡಿ ಮಾತ್ರೆ ಕೊಟ್ಟು ಕಳಿಸಬಹುದಲ್ಲ?” ಇಲ್ಲೇ ತುಂಬಾ ಜನ ಎಡವೋದು. ಆ ಮಾತ್ರೆ ಮೂತ್ರದಲ್ಲಿ ಮಾತ್ರ ಸಾಂದ್ರ ಆಗತ್ತೆ. ರಕ್ತದಲ್ಲಿ, ಕಿಡ್ನಿಯ ಮಾಂಸದಲ್ಲಿ ಸಾಕಷ್ಟು ಸೇರಲ್ಲ. ಉರಿಮೂತ್ರ ಮಾತ್ರ ಇದ್ದ ಆ ಗುರುವಾರ, ಜ್ವರ ಇಲ್ಲದೆ, ಕಿಡ್ನಿ ಚೆನ್ನಾಗಿ ಕೆಲಸ ಮಾಡ್ತಾ ಇದ್ದಾಗ, ಇದೇ ಇಎಸ್‌ಬಿಎಲ್ ಇ. ಕೋಲೈಗೆ ಇದೇ ಮಾತ್ರೆ ಐದು ದಿನ ಸಾಕಾಗಿರ್ತಿತ್ತು. ಇಲ್ಲಾ ಫಾಸ್ಫೋಮೈಸಿನ್ ಪುಡಿ, ಮೂರು ಗ್ರಾಂ, ನೀರಿಗೆ ಹಾಕಿ ಒಂದೇ ಸಲ ಕುಡಿಯೋದು. ಅದೇ ಬ್ಯಾಕ್ಟೀರಿಯಾ, ಅದೇ ರಿಪೋರ್ಟ್, ಆದ್ರೆ ಸೋಂಕು ಎಲ್ಲಿದೆ ಅನ್ನೋದರ ಮೇಲೆ ಔಷಧಿ ಬದಲು. ಇಎಸ್‌ಬಿಎಲ್ ಅಂದ ತಕ್ಷಣ ಇಂಜೆಕ್ಷನ್ನೇ ಬೇಕು ಅನ್ನೋದೂ ತಪ್ಪು, ಎಸ್ ಇದ್ದ ಮಾತ್ರೆಯೆಲ್ಲಾ ಆಗತ್ತೆ ಅನ್ನೋದೂ ತಪ್ಪು.

ಕಿಡ್ನಿ ಸೋಂಕು ಹಿಡಿತಕ್ಕೆ ಬಂದ ಮೇಲೆ ಮಾತ್ರೆಗೆ ಇಳಿಯೋದು ಒಳ್ಳೇದೇ. ಅದಕ್ಕೆ ಸಿಪ್ರೊಫ್ಲಾಕ್ಸಾಸಿನ್ ಅಥವಾ ಕೋಟ್ರೈಮಾಕ್ಸಝೋಲ್‌ಗೆ ಎಸ್ ಇರಬೇಕು, ಅವು ರಕ್ತಕ್ಕೂ ಕಿಡ್ನಿಗೂ ಸೇರ್ತವೆ. ಅಮ್ಮನದ್ದು ಎರಡೂ ಆರ್. ಹಾಗಾಗಿ ಶುಕ್ರವಾರ ಮನೆಗೆ ಕಳಿಸಿ, ದಿನಕ್ಕೆ ಒಂದೇ ಸಲ ಕೊಡೋ ಎರ್ಟಾಪೆನೆಮ್‌ಗೆ ಬದಲಾಯಿಸಿದ್ರು. ಅದು ಮೆರೋಪೆನೆಮ್‌ನ ತಂಗಿ ಇದ್ದ ಹಾಗೆ. ಬೆಳಗ್ಗೆ ಡೇ ಕೇರ್‌ಗೆ ಹೋಗಿ ಅರ್ಧ ಗಂಟೆ ಡ್ರಿಪ್, ವಾಪಸ್. ಸರಿಯಾದ ಔಷಧಿ ಶುರುವಾದ ಮಂಗಳವಾರದಿಂದ ಲೆಕ್ಕ ಹಾಕಿ ಏಳು ದಿನ, ಮುಂದಿನ ಸೋಮವಾರಕ್ಕೆ ಮುಗೀತು. ಭಾನುವಾರ, ಸೋಮವಾರದ ಡೋಸ್‌ಗಳನ್ನ ಲೆಕ್ಕಕ್ಕೆ ಹಿಡೀಲಿಲ್ಲ. ಹದಿನಾಲ್ಕು ದಿನ ಬೇಡವಾ ಅಂತ ಅಣ್ಣ ಕೇಳಿದ. ಬೇಗ ಸುಧಾರಿಸಿಕೊಂಡ, ಕೀವು ಕಟ್ಟದ ಇಂಥ ಸೋಂಕಿಗೆ ಏಳು ದಿನ ಹದಿನಾಲ್ಕಕ್ಕೆ ಕಮ್ಮಿ ಇಲ್ಲ ಅಂತ ಒಂದಕ್ಕಿಂತ ಹೆಚ್ಚು ಪ್ರಯೋಗಗಳು ತೋರಿಸಿವೆ.

ಕೊನೇದಾಗಿ ಒಂದು ವಿಷಯ. ಮೂರು ತಿಂಗಳ ಮೇಲೆ ಅಮ್ಮ ದಾವಣಗೆರೆಯಲ್ಲಿ ಆರಾಮಾಗಿದ್ರು. ಉರಿ ಇಲ್ಲ, ಜ್ವರ ಇಲ್ಲ. ಯಾರೋ ಹೇಳಿದ್ರು ಅಂತ ‘ಪೂರ್ತಿ ಹೋಗಿದೆಯಾ’ ನೋಡೋಕೆ ಮೂತ್ರ ಕಲ್ಚರ್ ಮಾಡಿಸಿದ್ರು. ಒಂದು ಲಕ್ಷ ಕಾಲನಿ, ಇ. ಕೋಲೈ, ಇಎಸ್‌ಬಿಎಲ್ ಪಾಸಿಟಿವ್. ಫ್ಯಾಮಿಲಿ ಗ್ರೂಪಿನಲ್ಲಿ ಒಂದೇ ಗಲಾಟೆ. ಅಣ್ಣ ಪುಣೆಗೆ ಟಿಕೆಟ್ ಬುಕ್ ಮಾಡ್ತೀನಿ, ಮತ್ತೆ ಅಡ್ಮಿಟ್ ಮಾಡಿಸೋಣ ಅಂದ.

ನಾನು ಕೇಳಿದ್ದು ಒಂದೇ, “ಅಮ್ಮಾ, ಏನಾದ್ರೂ ತೊಂದರೆ ಇದೆಯಾ?” “ಮೊಣಕಾಲು ನೋವು” ಅಂದ್ರು. ಹಾಗಿದ್ರೆ ಏನೂ ಬೇಡ ಅಂದೆ. ಈ ಬ್ಯಾಕ್ಟೀರಿಯಾ ಕರುಳಿನಲ್ಲಿ ತಿಂಗಳುಗಟ್ಟಲೆ ತೆಪ್ಪಗೆ ಇರಬಹುದು. ನೆದರ್ಲೆಂಡ್ಸ್‌ನವರು ಪ್ರವಾಸ ಹೋಗಿ ಬಂದ ತಮ್ಮ ಜನರನ್ನ ಪರೀಕ್ಷೆ ಮಾಡಿ 2017ರಲ್ಲಿ ಪ್ರಕಟಿಸಿದ್ರು. ಹೋಗುವಾಗ ಕರುಳಿನಲ್ಲಿ ಇದು ಇಲ್ಲದೆ, ದಕ್ಷಿಣ ಏಷ್ಯಾಕ್ಕೆ, ಅಂದ್ರೆ ನಮ್ಮ ಕಡೆಗೆ, ಬಂದು ಹೋದವರಲ್ಲಿ 75 ಶೇಕಡಾ ಜನ ಇಎಸ್‌ಬಿಎಲ್ ಬ್ಯಾಕ್ಟೀರಿಯಾವನ್ನ ಕರುಳಿನಲ್ಲಿ ಹೊತ್ಕೊಂಡು ವಾಪಸ್ ಹೋಗಿದ್ರು. ಹೀಗೆ ಹೊತ್ಕೊಂಡು ಹೋದ ಎಲ್ಲ ಪ್ರವಾಸಿಗರ ಲೆಕ್ಕದಲ್ಲಿ ಅರ್ಧದಷ್ಟು ಜನರಲ್ಲಿ ಅದು ಒಂದು ತಿಂಗಳೊಳಗೆ ಮಾಯ ಆಯ್ತು, ಹತ್ತರಲ್ಲಿ ಒಬ್ಬರಲ್ಲಿ ವರ್ಷ ಆದ್ರೂ ಇತ್ತು. ಅವರಿಗೆ ಯಾರೂ ಔಷಧಿ ಕೊಡಲಿಲ್ಲ. ನಿಮ್ಮಲ್ಲಿ, ನನ್ನಲ್ಲಿ ಎಷ್ಟು ಜನರ ಹೊಟ್ಟೆಯಲ್ಲಿ ಈಗ ಅದು ಇದೆಯೋ. ತೊಂದರೆ ಇಲ್ಲದಾಗ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿದ್ರೆ ಗರ್ಭಿಣಿಯರಿಗೆ, ಮೂತ್ರನಾಳದ ಆಪರೇಷನ್ ಆಗಬೇಕಾದವರಿಗೆ ಚಿಕಿತ್ಸೆ ಕೊಡ್ತೀವಿ. ವಯಸ್ಸಾದ, ಸಕ್ಕರೆ ಕಾಯಿಲೆ ಇರೋ, ಆದ್ರೆ ಆರಾಮಾಗಿರೋ ತಾಯಿಗೆ ಕೊಡಲ್ಲ. ಕೊಟ್ಟರೆ ಕರುಳಿನಲ್ಲಿ ಆ ಖಾಲಿ ಸೈಟು ಮತ್ತೆ ತಯಾರಾಗತ್ತೆ.

ಅಣ್ಣ ಟಿಕೆಟ್ ಕ್ಯಾನ್ಸಲ್ ಮಾಡಿದ. ಆ ರಿಪೋರ್ಟನ್ನ ಎಸೀಬೇಡ, ಫೈಲಿನಲ್ಲಿ ಮೇಲ್ಗಡೆ ಇಡು ಅಂತ ಅಮ್ಮನಿಗೆ ಹೇಳಿದೆ. ಯಾಕಂದ್ರೆ ಮುಂದೆ ಯಾವತ್ತಾದ್ರೂ ಚಳಿ ಜ್ವರ ಬಂದು ಆಸ್ಪತ್ರೆಗೆ ಹೋದ್ರೆ ಅಲ್ಲಿನ ಡಾಕ್ಟರಿಗೆ ಮೊದಲ ಇಂಜೆಕ್ಷನ್ ಆರಿಸೋಕೆ ಆ ಒಂದು ಹಾಳೆ ಬೇಕು. ಅವರು ಅದನ್ನ ಎಲ್ಲಿ ಇಟ್ಟಿದ್ದಾರೆ ಗೊತ್ತಾ? ಮೊದಲು ಆ ಸೆಫಿಕ್ಸಿಮ್ ಸ್ಟ್ರಿಪ್ ಇಡ್ತಿದ್ದ ಬಿಸ್ಕತ್ ಡಬ್ಬಿಯಲ್ಲಿ. ಡಬ್ಬಿಯಲ್ಲಿ ಈಗ ಮಾತ್ರೆ ಇಲ್ಲ, ಕಳೆದ ಸಲ ಊರಿಗೆ ಹೋದಾಗ ನಾನೇ ತೆಗೆದು ನೋಡಿದೆ.